ಸ್ಕಾಲರ್‌ಶಿಪ್ ಹೆಚ್ಚಿಸಿ ಎಂದು ಕೇಳುವ ಪತ್ರ

ಮಾರ್ಚ್ ಕೊನೆಯ ಹೊತ್ತಿಗೆ ಮಗಳ ಕೈಯಲ್ಲಿ ಮೂರು ಕಾಲೇಜುಗಳ ಅಡ್ಮಿಷನ್ ಇತ್ತು. ಅವಳ ಮನಸ್ಸಿದ್ದದ್ದು ಒಂದರ ಮೇಲೆ, ಖರ್ಚು ಕಡಿಮೆಯಿದ್ದದ್ದು ಇನ್ನೊಂದರಲ್ಲಿ. ಅಮೆರಿಕದ ಬಹುತೇಕ ಕಾಲೇಜುಗಳಿಗೆ ಮೇ 1ರೊಳಗೆ ಉತ್ತರ ಕೊಡಬೇಕು. ಹೆಚ್ಚು ನೆರವು ಕೇಳುವುದಿದ್ದರೆ ಅದಕ್ಕೂ ಮೊದಲೇ, ಡಿಪಾಸಿಟ್ ಕಟ್ಟುವ ಮುಂಚೆಯೇ ಕೇಳಬೇಕು. ಕಟ್ಟಿಬಿಟ್ಟರೆ ನೀವು ಬರುವುದು ಖಾತ್ರಿ ಎಂದು ಅವರಿಗೆ ಗೊತ್ತಾಗುತ್ತದೆ.

ಮೊದಲು ಲೆಕ್ಕ ಸರಿ ಮಾಡಿಕೊಂಡೆವು. ಅವಳಿಗೆ ಇಷ್ಟವಾದ ಕಾಲೇಜಿನಲ್ಲಿ ಫೀ, ಹಾಸ್ಟೆಲ್, ಊಟ ಎಲ್ಲ ಸೇರಿ ವರ್ಷಕ್ಕೆ 82,000 ಡಾಲರ್, ಸ್ಕಾಲರ್‌ಶಿಪ್ 22,000. ಉಳಿಯುವುದು 60,000. ಎರಡನೆಯದರಲ್ಲಿ ಒಟ್ಟು 74,000. ಅವರ ಪತ್ರದಲ್ಲಿ ‘ನೆರವು 31,500’ ಎಂದಿತ್ತು. ಆದರೆ ಅದರಲ್ಲಿ 5,500 ಸರ್ಕಾರಿ ಸಾಲ. ಸಾಲ ತೀರಿಸಬೇಕಾದ ಹಣ, ನೆರವಲ್ಲ. ಅದನ್ನು ಬಿಟ್ಟರೆ ಸ್ಕಾಲರ್‌ಶಿಪ್ 26,000, ನಮ್ಮ ಖರ್ಚು 48,000. ಅಂದರೆ ನಿಜವಾದ ಅಂತರ 12,000.

ಎಲ್ಲ ಕಾಲೇಜೂ ಈ ಮಾತು ಕೇಳುವುದಿಲ್ಲ. ಐವಿ ಲೀಗ್ ಕಾಲೇಜುಗಳು ಅಂಕಗಳಿಗಾಗಿ ಸ್ಕಾಲರ್‌ಶಿಪ್ ಕೊಡುವುದೇ ಇಲ್ಲ. ಅಲ್ಲಿ ಕುಟುಂಬದ ಆದಾಯ ಕಡಿಮೆಯಾದದ್ದು, ಕೆಲಸ ಹೋದದ್ದು, ಆಸ್ಪತ್ರೆ ಖರ್ಚು ಇಂಥವನ್ನು ದಾಖಲೆ ಸಮೇತ ತೋರಿಸಬೇಕು. ಅಂಕಗಳಿಗೆ ಹಣ ಕೊಡುವ ಖಾಸಗಿ ಕಾಲೇಜಿನಲ್ಲಿ ಅದೇ ಮಟ್ಟದ ಇನ್ನೊಂದು ಕಾಲೇಜಿನ ಆಫರ್‌ಗೆ ಬೆಲೆಯಿದೆ.

ಪತ್ರ ಬರೆದದ್ದು ಮಗಳೇ, ನಾನಲ್ಲ. ಅದರ ಸಾರ ಇಷ್ಟು:

“ನನಗೆ ಪ್ರವೇಶ ಕೊಟ್ಟದ್ದಕ್ಕೆ, 22,000 ಡಾಲರ್ ಸ್ಕಾಲರ್‌ಶಿಪ್‌ಗೆ ಧನ್ಯವಾದ. ನಿಮ್ಮ ಬಯೋಎಂಜಿನಿಯರಿಂಗ್ ವಿಭಾಗವೇ ನನ್ನ ಮೊದಲ ಆಯ್ಕೆ. ಇನ್ನೊಂದು ಕಾಲೇಜಿನ ಆಫರ್‌ನಲ್ಲಿ ನಮ್ಮ ವಾರ್ಷಿಕ ಖರ್ಚು 12,000 ಕಡಿಮೆಯಾಗುತ್ತದೆ. ಆ ಪತ್ರವನ್ನು ಲಗತ್ತಿಸಿದ್ದೇನೆ. ನಂತರ ಬಂದ ನನ್ನ ಅಂಕಪಟ್ಟಿಯೂ ಇದೆ. ವರ್ಷಕ್ಕೆ 8,000 ಹೆಚ್ಚಿಸಲು ಸಾಧ್ಯವಾದರೆ ನಾನು ನಿಮ್ಮಲ್ಲಿಗೇ ಸೇರುತ್ತೇನೆ. ದಯವಿಟ್ಟು ಪರಿಶೀಲಿಸಿ.”

ಪೂರ್ತಿ 12,000 ಕೇಳಲಿಲ್ಲ, ಏಕೆಂದರೆ ಇಷ್ಟದ ಕಾಲೇಜಿಗೆ 4,000 ಹೆಚ್ಚು ಕೊಡಲು ನಾವು ತಯಾರಿದ್ದೆವು. ಸೇರುತ್ತೇನೆ ಎಂಬ ಮಾತು ನಿಜವಾಗಿದ್ದರೆ ಮಾತ್ರ ಬರೆಯಿರಿ. ‘ಅವರಷ್ಟೇ ಕೊಡಿ, ಇಲ್ಲದಿದ್ದರೆ ಬರುವುದಿಲ್ಲ’ ಎಂಬ ಚೌಕಾಸಿಯ ಧಾಟಿ ಬೇಡ.

ಹತ್ತು ದಿನಕ್ಕೆ ಉತ್ತರ ಬಂತು: 5,000 ಹೆಚ್ಚು. ಅಂತರ 7,000ಕ್ಕೆ ಇಳಿಯಿತು. ಒಪ್ಪುವ ಮೊದಲು ಒಂದು ಪ್ರಶ್ನೆ ಕೇಳಿದೆವು: ಈ 5,000 ಮೊದಲ ವರ್ಷಕ್ಕೆ ಮಾತ್ರವೋ, ನಾಲ್ಕೂ ವರ್ಷಕ್ಕೋ? ನಾಲ್ಕೂ ವರ್ಷಕ್ಕೆ, ಜಿಪಿಎ 3.0 ಇದ್ದರೆ ಎಂದು ಇಮೇಲ್‌ನಲ್ಲಿ ಬರೆದು ಕೊಟ್ಟರು. ಅಲ್ಲಿಗೆ ಒಟ್ಟು 20,000 ಡಾಲರ್ ಉಳಿತಾಯ. ಉಳಿದ ಅಂತರವನ್ನು ನಾವೇ ಹೊರುತ್ತೇವೆ ಎಂದು ನಿರ್ಧರಿಸಿ, ಏಪ್ರಿಲ್ 28ರಂದು ಡಿಪಾಸಿಟ್ ಕಟ್ಟಿದೆವು.