ತಿರುಗುಮುರುಗಾದ ಜೋಡಿಗಳೆಷ್ಟು?

ಆರು ಸಿನಿಮಾಗಳಿಗೆ ನೀವು 1ರಿಂದ 6ರವರೆಗೆ ಸ್ಥಾನ ಕೊಟ್ಟಿದ್ದೀರಿ. ನಿಮ್ಮ ಗೆಳತಿ ಅವನ್ನೇ ತನ್ನ ಇಷ್ಟದಂತೆ ಜೋಡಿಸಿದಾಗ ನಿಮ್ಮ ಅಂಕಿಗಳು 4, 2, 5, 3, 6, 1 ಎಂದು ಸಾಲಾದವು. ಇಬ್ಬರ ಅಭಿರುಚಿ ಎಷ್ಟು ದೂರ? ದೊಡ್ಡ ಅಂಕಿ ಮುಂದೆ, ಚಿಕ್ಕದು ಹಿಂದೆ ಇರುವ ಜೋಡಿಗಳನ್ನು ಎಣಿಸಿದರಾಯಿತು. ಇಂಥ ಜೋಡಿಗೆ ‘ಇನ್‌ವರ್ಷನ್’ ಎನ್ನುತ್ತಾರೆ.

ಪ್ರತಿ ಜೋಡಿಯನ್ನೂ ನೋಡುತ್ತ ಹೋಗಬಹುದು. ಆದರೆ ಒಂದು ಲಕ್ಷ ಅಂಕಿಗಳಿದ್ದರೆ ಜೋಡಿಗಳು ಸುಮಾರು 500 ಕೋಟಿ! ಮರ್ಜ್ ಸಾರ್ಟ್ ಸುಮಾರು 17 ಲಕ್ಷ ಹೆಜ್ಜೆಗಳಲ್ಲಿ ಮುಗಿಸುತ್ತದೆ.

ಸಾಲನ್ನು ಎರಡು ಭಾಗ ಮಾಡಿ. ಎಡಭಾಗ 4, 2, 5ರಲ್ಲಿ ಒಂದು ಇನ್‌ವರ್ಷನ್. ಬಲಭಾಗ 3, 6, 1ರಲ್ಲಿ ಎರಡು. ಎಣಿಸಿದ ಮೇಲೆ ಎರಡನ್ನೂ ವಿಂಗಡಿಸಿದರೆ 2, 4, 5 ಮತ್ತು 1, 3, 6. ಈಗ ಎರಡೂ ಕಡೆಯ ಮೊದಲ ಅಂಕಿಗಳಲ್ಲಿ ಚಿಕ್ಕದನ್ನು ಎತ್ತಿಕೊಳ್ಳುತ್ತ ಬೆಸೆಯಿರಿ. ಬಲದ 1 ಹೊರಬಂದಾಗ ಎಡದಲ್ಲಿ ಮೂರು ಅಂಕಿಗಳು ಉಳಿದಿವೆ. ಅವೆಲ್ಲ 1ಕ್ಕಿಂತ ದೊಡ್ಡವು, ಆದ್ದರಿಂದ ಒಂದೇ ಏಟಿಗೆ ಮೂರು ಸೇರಿಸಿ. ನಂತರ ಎಡದ 2, ಅದಕ್ಕೇನೂ ಸೇರಿಸಬೇಕಿಲ್ಲ. ಬಲದ 3 ಬಂದಾಗ 4, 5 ಉಳಿದಿವೆ, ಎರಡು ಸೇರಿಸಿ. 6ಕ್ಕೆ ಸೊನ್ನೆ. ಒಟ್ಟು 1+2+5, ಅಂದರೆ 8. ಭಾಗಗಳನ್ನು ಎಣಿಸುವುದೂ ಇದೇ ಕ್ರಮದಲ್ಲಿ, ಒಂಟಿ ಅಂಕಿ ಉಳಿಯುವವರೆಗೆ.

ಸಮನಾದ ಅಂಕಿಗಳಿದ್ದಾಗ ಎಡದ್ದನ್ನೇ ಮೊದಲು ಎತ್ತಬೇಕು. ಹೋಲಿಕೆಯಲ್ಲಿ `<=` ಬದಲು `<` ಬರೆದವರು ಇಲ್ಲೇ ಎಡವುತ್ತಾರೆ. 7, 7, 7 ಕೊಟ್ಟು ನೋಡಿ: ಉತ್ತರ ಸೊನ್ನೆ ಬರದಿದ್ದರೆ ನಿಮ್ಮ ಪ್ರೋಗ್ರಾಂ ತಪ್ಪಿದೆ.