ಇಳಿಯುವಾಗ ನೋಯುವ ಮಂಡಿ

ಮೆಟ್ಟಿಲು ಹತ್ತುವಾಗ ಹೇಗೋ ಸಹಿಸಿಕೊಳ್ಳಬಹುದು, ಇಳಿಯುವಾಗ ಮಾತ್ರ ಮಂಡಿಚಿಪ್ಪಿನ ಹಿಂದೆ ಎಲ್ಲೋ ಒಂದು ಮಂದ ನೋವು. ಎಲ್ಲಿ ಎಂದು ಕೇಳಿದರೆ ಒಂದು ಬೆರಳಿಟ್ಟು ತೋರಿಸಲು ಬರುವುದಿಲ್ಲ. ಅಂಗೈಯಿಂದ ಇಡೀ ಚಿಪ್ಪನ್ನೇ ಮುಚ್ಚಿ ‘ಇಲ್ಲೆಲ್ಲ’ ಎನ್ನುತ್ತಾರೆ. ಮೈಸೂರಿನಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಮಂಡಿ ಮಡಚಿ ಕೂತು ಬಂದರೆ, ಇಳಿಯುವ ಮೊದಲು ಒಂದಿಷ್ಟು ಹೊತ್ತು ಕಾಲು ನೀಡಿಕೊಳ್ಳಬೇಕು. ಬಸ್ಕಿ ಹೊಡೆದರೂ ಅದೇ ನೋವು. ಊತವಿಲ್ಲ, ಬಿದ್ದ ನೆನಪಿಲ್ಲ, ಎಕ್ಸ್‌ರೇ ತೆಗೆಸಿದರೆ ಏನೂ ಕಾಣುವುದಿಲ್ಲ. ಇಷ್ಟೆಲ್ಲ ಕೂಡಿ ಬಂದರೆ ಅದು ಬಹುಮಟ್ಟಿಗೆ ಪಟೆಲ್ಲೋಫೆಮೋರಲ್ ನೋವು. ಓಡುವವರಲ್ಲಿ ಹೆಚ್ಚು ಕಾಣುವುದರಿಂದ ‘ರನ್ನರ್ಸ್ ನೀ’ ಎಂಬ ಹೆಸರೂ ಬಿದ್ದಿದೆ. ಇದನ್ನು ಖಚಿತಪಡಿಸಲು ಪ್ರತ್ಯೇಕ ಪರೀಕ್ಷೆಯಾಗಲಿ ಸ್ಕ್ಯಾನ್ ಆಗಲಿ ಇಲ್ಲ. ಲಕ್ಷಣ ಕೇಳಿ, ಕಾಲು ಮುಟ್ಟಿ, ಬಸ್ಕಿ ಹೊಡೆಸಿ ನೋಡಿಯೇ ಗುರುತಿಸುತ್ತಾರೆ.

ಮಂಡಿಚಿಪ್ಪು ಮಾಡುವ ಕೆಲಸ ಬಾವಿಯ ರಾಟೆಯದು. ತೊಡೆಯ ಮುಂಭಾಗದ ದೊಡ್ಡ ಸ್ನಾಯು ಹಗ್ಗದ ಹಾಗೆ ಈ ಚಿಪ್ಪಿನ ಮೇಲಿಂದ ಹಾದು ಕಣಕಾಲಿನ ಮೂಳೆಯನ್ನು ಎಳೆಯುತ್ತದೆ. ಚಿಪ್ಪು ತೊಡೆಮೂಳೆಯ ತುದಿಯಲ್ಲಿರುವ ತೋಡಿನಲ್ಲಿ ಮೇಲೆ ಕೆಳಗೆ ಜಾರುತ್ತದೆ. ಕಾಲಿನ ಮೇಲೆ ಭಾರವಿಟ್ಟು ಮಂಡಿ ಮಡಚಿದಷ್ಟೂ ಸ್ನಾಯು ಹೆಚ್ಚು ಎಳೆಯಬೇಕು, ಚಿಪ್ಪು ತೋಡಿಗೆ ಹೆಚ್ಚು ಒತ್ತಿಕೊಳ್ಳುತ್ತದೆ. ಸಮತಟ್ಟಾದ ಜಾಗದಲ್ಲಿ ನಡೆಯುವಾಗ ಈ ಒತ್ತಡ ದೇಹತೂಕವನ್ನು ಮೀರುವುದು ಕಡಿಮೆ. ಮೆಟ್ಟಿಲಲ್ಲಿ ಅದು ಸುಮಾರು ಮೂರು ಪಟ್ಟಾಗುತ್ತದೆ, ಓಟದಲ್ಲಿ ನಾಲ್ಕೈದು ಪಟ್ಟು. ಅರವತ್ತು ಕಿಲೋ ತೂಗುವವರು ಓಡಿದರೆ ಪ್ರತಿ ಹೆಜ್ಜೆಗೂ ಆ ಪುಟ್ಟ ಚಿಪ್ಪಿನ ಹಿಂದೆ ಇನ್ನೂರೈವತ್ತು, ಮುನ್ನೂರು ಕಿಲೋ. ಕೇಳಿದರೆ ಗಾಬರಿಯಾಗುತ್ತದೆ, ಆದರೆ ಚಿಪ್ಪಿನ ಒಳಮೈಗಿರುವ ಮೃದ್ವಸ್ಥಿ ನಮ್ಮ ದೇಹದಲ್ಲೇ ಅತಿ ದಪ್ಪನೆಯ ಮೃದ್ವಸ್ಥಿಗಳಲ್ಲಿ ಒಂದು. ಈ ಹೊರೆಗೆಂದೇ ಅದು ಇರುವುದು.

ಹಾಗಾದರೆ ನೋವೇಕೆ? ‘ಮಂಡಿ ಸವೆದಿದೆ’ ಎನ್ನುವುದು ಸುಲಭದ ಉತ್ತರ. ಹಿಂದೆ ವೈದ್ಯರೂ ಇದನ್ನು ಮೃದ್ವಸ್ಥಿ ಮೆತ್ತಗಾಗುವ ಕಾಯಿಲೆ ಎಂದೇ ಕರೆಯುತ್ತಿದ್ದರು. ಈಗ ಆ ಲೆಕ್ಕ ಕೂಡಿಬರುತ್ತಿಲ್ಲ. ಎಂಆರ್‌ಐಯಲ್ಲಿ ಮೃದ್ವಸ್ಥಿ ಕೆಟ್ಟಂತೆ ಕಾಣುವ ಎಷ್ಟೋ ಜನರಿಗೆ ನೋವೇ ಇರುವುದಿಲ್ಲ, ನೋವಿನಿಂದ ಒದ್ದಾಡುವವರ ಚಿತ್ರ ಶುಭ್ರವಾಗಿರುತ್ತದೆ. ಮಂಡಿಯಿಂದ ಬರುವ ಕಟಕಟ ಸದ್ದೂ ಅಷ್ಟೆ, ನೋವು ಊತ ಜೊತೆಗಿಲ್ಲದಿದ್ದರೆ ಅದಕ್ಕೆ ಹೆದರಬೇಕಿಲ್ಲ. ಹವ್ಯಾಸಕ್ಕೆ ಓಡುವವರಲ್ಲಿ ಪದೇ ಪದೇ ಕಾಣುವ ಕಾರಣ ಬೇರೆ: ಮಂಡಿಗೆ ರೂಢಿಯಿದ್ದ ಹೊರೆ ಒಮ್ಮೆಲೇ ಏರಿಬಿಟ್ಟಿರುತ್ತದೆ.

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಮೈಸೂರಿನ ಬ್ಯಾಂಕ್ ಉದ್ಯೋಗಿ, ವಯಸ್ಸು ಮೂವತ್ತೆಂಟು. ವರ್ಷದಿಂದ ವಾರಕ್ಕೆ ಮೂರು ದಿನ, ದಿನಕ್ಕೆ 5 ಕಿಲೋಮೀಟರ್ ಓಡುತ್ತಿದ್ದಾರೆ, ಏನೂ ತೊಂದರೆಯಿಲ್ಲ. ಗೆಳೆಯರ ಜೊತೆ ಹಾಫ್ ಮ್ಯಾರಥಾನ್‌ಗೆ ಹೆಸರು ಕೊಟ್ಟ ಮೇಲೆ ಮೂರೇ ವಾರದಲ್ಲಿ 15 ಕಿಲೋಮೀಟರ್ ಇದ್ದದ್ದು 30 ಆಯಿತು. ಸಾಲದ್ದಕ್ಕೆ ಭಾನುವಾರ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ, ಇಳಿಯುವಾಗ ಕುಕ್ಕಲೋಟ. ಕಿಲೋಮೀಟರಿಗೆ ಒಂದೊಂದು ಕಾಲಿಗೆ ಸುಮಾರು ಐನೂರು ಹೆಜ್ಜೆ ಎಂದಿಟ್ಟುಕೊಂಡರೂ ವಾರಕ್ಕೆ ಏಳೂವರೆ ಸಾವಿರ ಇದ್ದದ್ದು ಹದಿನೈದು ಸಾವಿರವಾಯಿತು, ಬೆಟ್ಟದ ಲೆಕ್ಕ ಬೇರೆ. ನಾಲ್ಕನೇ ವಾರ 4 ಕಿಲೋಮೀಟರ್ ದಾಟುತ್ತಲೇ ಬಲಮಂಡಿ ನೋಯತೊಡಗಿತು.

ಇಂಥವರಿಗೆ ಸಿಗುವ ಸಲಹೆ ಸಾಮಾನ್ಯವಾಗಿ ಎರಡು ಬಗೆಯದು. ಮನೆಯವರು ‘ಓಡೋದು ಬಿಟ್ಬಿಡಿ’ ಎನ್ನುತ್ತಾರೆ, ಓಟದ ಗೆಳೆಯರು ‘ಮಾತ್ರೆ ನುಂಗಿ ಓಡಿ’ ಎನ್ನುತ್ತಾರೆ. ಎರಡೂ ಕೆಲಸಕ್ಕೆ ಬಾರದವು. ತಿಂಗಳು ಪೂರ್ತಿ ಕೂತರೆ ನೋವು ತಗ್ಗುತ್ತದೆ, ಜೊತೆಗೆ ತೊಡೆಯ ಬಲವೂ ತಗ್ಗುತ್ತದೆ. ಮತ್ತೆ ಓಡಿದ ದಿನ ಅದೇ ನೋವು ಹಾಜರ್. ಮಾತ್ರೆ ನುಂಗಿದರೆ ಎಲ್ಲಿ ನಿಲ್ಲಿಸಬೇಕೆಂಬ ಸೂಚನೆಯೇ ಸಿಗುವುದಿಲ್ಲ.

ಈ ವಿಷಯದಲ್ಲಿ ಕೆನಡಾದ ಕ್ವಿಬೆಕ್‌ನ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಪ್ರಯೋಗ ನನ್ನ ಮಟ್ಟಿಗೆ ಬಹಳ ಮುಖ್ಯ. ಮಂಡಿನೋವಿದ್ದ 69 ಓಟಗಾರರನ್ನು ಮೂರು ಗುಂಪು ಮಾಡಿದರು. ಮೊದಲ ಗುಂಪಿಗೆ ಓಟದ ಹೊರೆಯನ್ನು ಹೇಗೆ ಹಂಚಿಕೊಳ್ಳಬೇಕೆಂಬ ತಿಳಿವಳಿಕೆ ಮಾತ್ರ. ಎರಡನೆಯದಕ್ಕೆ ಅದರ ಜೊತೆ ವ್ಯಾಯಾಮ, ಮೂರನೆಯದಕ್ಕೆ ಅದರ ಜೊತೆ ಓಡುವ ಶೈಲಿಯ ತಿದ್ದುಪಡಿ. ಎಂಟು ವಾರದ ಕೊನೆಗೆ ಮೂರೂ ಗುಂಪಿನವರು ಸುಧಾರಿಸಿದ್ದರು, ಅವರ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಇದರರ್ಥ ವ್ಯಾಯಾಮ ದಂಡ ಎಂದಲ್ಲ. ಸೊಂಟ ಮತ್ತು ತೊಡೆಯ ವ್ಯಾಯಾಮದಿಂದ ಈ ನೋವು ತಗ್ಗುತ್ತದೆ ಎನ್ನಲು ಬೇರೆ ಅಧ್ಯಯನಗಳು ಸಾಕಷ್ಟಿವೆ. ಆದರೆ ಓಟದ ಪ್ರಮಾಣವನ್ನು ಸರಿಪಡಿಸದೆ ವ್ಯಾಯಾಮವೊಂದನ್ನೇ ನೆಚ್ಚಿಕೊಳ್ಳುವುದು ತಲೆಕೆಳಗಾದ ಕ್ರಮ.

ಆ ತಿಳಿವಳಿಕೆಯ ತಿರುಳು ಒಂದೇ ನಿಯಮದಲ್ಲಿದೆ. ಸೊನ್ನೆ ಎಂದರೆ ನೋವಿಲ್ಲ, ಹತ್ತು ಎಂದರೆ ತಡೆಯಲಾರದ ನೋವು ಎಂದಿಟ್ಟುಕೊಳ್ಳಿ. ಓಡುವಾಗ ನೋವು ಎರಡನ್ನು ಮೀರಬಾರದು, ಓಟ ನಿಲ್ಲಿಸಿದ ಒಂದು ಗಂಟೆಯೊಳಗೆ ಮೊದಲಿದ್ದ ಮಟ್ಟಕ್ಕೆ ಇಳಿಯಬೇಕು. ಮರುದಿನ ಬೆಳಿಗ್ಗೆ ಮೆಟ್ಟಿಲಿಳಿದೂ ನೋಡಿಕೊಳ್ಳಿ, ನಿನ್ನೆಗಿಂತ ಹೆಚ್ಚು ನೋಯಬಾರದು.

ನಮ್ಮ ಬ್ಯಾಂಕಿನವರಿಗೆ ಇದನ್ನು ಹೊಂದಿಸಿ ನೋಡಿ. ನೋವು ಶುರುವಾಗುವುದು 4 ಕಿಲೋಮೀಟರಿನಲ್ಲಿ. ಹಾಗಾಗಿ 3ಕ್ಕೇ ನಿಲ್ಲಿಸಬೇಕು. ಮೂರು ದಿನದ ಬದಲು ವಾರಕ್ಕೆ ನಾಲ್ಕು ದಿನ ಓಡಿದರೆ 12 ಕಿಲೋಮೀಟರ್ ಆಗುತ್ತದೆ. ದೂರ ಕಡಿಮೆ, ದಿನ ಹೆಚ್ಚು. ಕುಕ್ಕರಹಳ್ಳಿ ಕೆರೆ ಏರಿಯಂಥ ಸಮತಟ್ಟಾದ ದಾರಿ, ನಿಧಾನದ ಓಟ, ಬೆಟ್ಟಕ್ಕೆ ರಜೆ. ನಿಯಮ ಪಾಲಿಸಿದಷ್ಟು ದಿನ ಸಲೀಸಾಗಿ ಹೋದರೆ ಮುಂದಿನ ವಾರ ಎರಡು ಓಟಗಳಿಗೆ ಅರ್ಧರ್ಧ ಕಿಲೋಮೀಟರ್ ಸೇರಿಸಬಹುದು. ನೋವು ಮೂರಕ್ಕೋ ನಾಲ್ಕಕ್ಕೋ ಏರಿದರೆ ಹಿಂದಿನ ವಾರದ ಲೆಕ್ಕಕ್ಕೆ ಮರಳಬೇಕು, ಪೂರ್ತಿ ನಿಲ್ಲಿಸಬೇಕಿಲ್ಲ. ಹೀಗೆ ನಡೆದರೆ ಎಂಟನೇ ವಾರಕ್ಕೆ 19 ಕಿಲೋಮೀಟರ್, ಅಂದರೆ ಮೊದಲಿದ್ದ ಹದಿನೈದಕ್ಕಿಂತ ಹೆಚ್ಚೇ. ದೂರ ಮರಳಿ ಬಂದ ಮೇಲೆ ವೇಗ, ಇಳಿಜಾರು ಕಟ್ಟಕಡೆಗೆ. ಹಾಫ್ ಮ್ಯಾರಥಾನ್ ಈ ಸಲ ತಪ್ಪಿತು ಎಂದುಕೊಳ್ಳುವುದೇ ಒಳ್ಳೆಯದು.

ಓಡುವ ಶೈಲಿಯಲ್ಲಿ ಒಂದೇ ಒಂದು ಬದಲಾವಣೆ ಪ್ರಯತ್ನಿಸಿ ನೋಡುವಂಥದ್ದು: ಹೆಜ್ಜೆಯನ್ನು ಗಿಡ್ಡ ಮಾಡಿ ಹೆಜ್ಜೆಗಳ ಸಂಖ್ಯೆ ಹೆಚ್ಚಿಸುವುದು. ಒಂದು ನಿಮಿಷದಲ್ಲಿ ಬಲಗಾಲು ಎಷ್ಟು ಸಲ ನೆಲ ಮುಟ್ಟುತ್ತದೆಂದು ಎಣಿಸಿ. ಅದು 78 ಇದ್ದರೆ, ವೇಗ ಬದಲಿಸದೆ 82ರಿಂದ 85ಕ್ಕೆ ಏರಿಸಿ. ಮೊಬೈಲಿನ ಮೆಟ್ರೊನೋಮ್ ತಾಳ ಕೊಡುತ್ತದೆ. ಹೆಜ್ಜೆಯ ಗತಿ ಶೇ 10ರಷ್ಟು ಹೆಚ್ಚಿದಾಗ ಚಿಪ್ಪಿನ ಮೇಲಿನ ಗರಿಷ್ಠ ಒತ್ತಡ ಸುಮಾರು ಶೇ 14ರಷ್ಟು ಇಳಿದದ್ದನ್ನು ಪ್ರಯೋಗಾಲಯದಲ್ಲಿ ಅಳೆದಿದ್ದಾರೆ. ಹೊಸ ಶೂ ಕೊಳ್ಳುವುದಕ್ಕಿಂತ ಇದು ಅಗ್ಗ.

ಇನ್ನು ವ್ಯಾಯಾಮ. ತೊಡೆಯ ಸ್ನಾಯುವಿನ ಒಳಬದಿಯ ಭಾಗವೊಂದನ್ನೇ ಬಲಪಡಿಸಿದರೆ ಚಿಪ್ಪು ನೆಟ್ಟಗಾಗುತ್ತದೆ ಎಂಬ ಹಳೆಯ ನಂಬಿಕೆ ಜಿಮ್‌ಗಳಲ್ಲಿ ಇನ್ನೂ ಓಡಾಡುತ್ತಿದೆ. ಆ ಭಾಗವನ್ನು ಬಿಡಿಸಿ ಬೇರೆಯಾಗಿ ದುಡಿಸಲು ಬರುವುದಿಲ್ಲ, ಬೇಕಾಗಿಯೂ ಇಲ್ಲ. ಇಡೀ ತೊಡೆ ಮತ್ತು ಸೊಂಟದ ಪಕ್ಕದ ಸ್ನಾಯುಗಳು ಬಲಗೊಂಡರೆ ಸಾಕು. ವಾರಕ್ಕೆ ಮೂರು ದಿನ, ನಡುವೆ ಒಂದೊಂದು ದಿನ ಬಿಡುವು.

ನೋವು ಜೋರಾಗಿದ್ದಾಗ ಸೊಂಟದಿಂದ ಆರಂಭಿಸುವುದು ವಾಸಿ, ಏಕೆಂದರೆ ಅಲ್ಲಿ ಮಂಡಿ ಮಡಚಿ ಭಾರ ಹೊರುವ ಪ್ರಸಂಗವಿಲ್ಲ. ಗೋಡೆಗೆ ಬೆನ್ನು ಮಾಡಿ ಪಕ್ಕಕ್ಕೆ ಮಲಗಿ, ಮೇಲಿನ ಕಾಲನ್ನು ನೆಟ್ಟಗಿಟ್ಟು ಹಿಮ್ಮಡಿಯನ್ನು ಗೋಡೆಗೆ ತಾಗಿಸಿ. ಹಿಮ್ಮಡಿ ಗೋಡೆಯನ್ನು ಸವರುತ್ತಲೇ ಕಾಲನ್ನು ಒಂದೂವರೆ ಅಡಿ ಎತ್ತಿ, ನಿಧಾನವಾಗಿ ಇಳಿಸಿ. ಕಾಲ್ಬೆರಳು ಛಾವಣಿ ಕಡೆ ತಿರುಗಿದರೆ ಕೆಲಸವನ್ನು ತೊಡೆಯ ಮುಂಭಾಗ ಕದ್ದುಬಿಡುತ್ತದೆ; ಪಾದ ಮುಂದಕ್ಕೇ ನೋಡುತ್ತಿರಬೇಕು. ಸರಿಯಾಗಿ ಮಾಡಿದರೆ ಸುಸ್ತು ಕಾಣಿಸುವುದು ಪ್ಯಾಂಟಿನ ಹಿಂದಿನ ಜೇಬಿನ ಮೇಲ್ಭಾಗದಲ್ಲಿ. ಹನ್ನೆರಡರಂತೆ ಮೂರು ಸುತ್ತು. ಇದರ ಜೊತೆ ಅಂಗಾತ ಮಲಗಿ ಮಂಡಿ ಮಡಚಿ ಸೊಂಟ ಎತ್ತುವ ಸೇತುಬಂಧವೂ ಸೇರಲಿ.

ಎರಡು ಮೂರು ವಾರದ ನಂತರ ತೊಡೆಯ ಸರದಿ. ಕುರ್ಚಿಯ ಮುಂದೆ ನಿಂತು ಅರ್ಧ ಬಸ್ಕಿ, ಮಂಡಿ 45 ಡಿಗ್ರಿಗಿಂತ ಹೆಚ್ಚು ಮಡಚಬಾರದು. ನಿಂತು ಮಾಡುವಾಗ ಆ ಮಿತಿಯೊಳಗೆ ಚಿಪ್ಪಿನ ಮೇಲೆ ಒತ್ತಡ ಕಡಿಮೆ. ಜಿಮ್‌ನಲ್ಲಿ ಕೂತು ಕಾಲು ಚಾಚುವ ಯಂತ್ರದಲ್ಲಿ ಇದು ಉಲ್ಟಾ: ಅಲ್ಲಿ ಪೂರ್ತಿ ಮಡಚಿದ ಸ್ಥಿತಿಯಿಂದ ಅರ್ಧಕ್ಕೆ ಬರುವವರೆಗೆ ಹಗುರ, ಕಾಲು ನೆಟ್ಟಗಾಗುವ ಕೊನೆಯ ಭಾಗ ಭಾರ. ಬಸ್ಕಿ ಸಲೀಸಾದ ಮೇಲೆ ಬೆನ್ನಿಗೆ ಐದು ಕಿಲೋ ಅಕ್ಕಿಯ ಚೀಲ ಹಾಕಿಕೊಳ್ಳಿ. ಕೊನೆಯ ಎರಡು ಬಸ್ಕಿ ಕಷ್ಟವೆನಿಸಬೇಕು, ಇಲ್ಲದಿದ್ದರೆ ಬಲ ಬರುವುದಿಲ್ಲ. ಆರನೇ ವಾರದ ಹೊತ್ತಿಗೆ ಮೆಟ್ಟಿಲ ಅಂಚಿನಲ್ಲಿ ನೋವಿರುವ ಕಾಲಿನ ಮೇಲೆ ನಿಂತು, ಇನ್ನೊಂದು ಹಿಮ್ಮಡಿಯನ್ನು ಕೆಳಗಿನ ಮೆಟ್ಟಿಲಿಗೆ ಮೆಲ್ಲನೆ ಸೋಕಿಸಿ ಮರಳಿ ಏಳಿ. ಎದುರಿಗೆ ಕನ್ನಡಿಯಿರಲಿ. ಮಂಡಿ ಒಳಗೆ ವಾಲಿದರೆ, ಸೊಂಟ ಒಂದು ಪಕ್ಕಕ್ಕೆ ಕುಸಿದರೆ ಮೆಟ್ಟಿಲ ಎತ್ತರ ತಗ್ಗಿಸಬೇಕು. ವ್ಯಾಯಾಮಕ್ಕೂ ಓಟದ ನೋವಿನ ನಿಯಮವನ್ನೇ ಅನ್ವಯಿಸಿ.

ಫಲ ಕಾಣಲು ಆರು ವಾರ, ಗಟ್ಟಿಯಾಗಲು ಮೂರು ತಿಂಗಳು ಬೇಕು. ಚಿಪ್ಪಿಗೆ ಟೇಪ್ ಹಚ್ಚುವುದು, ಶೂ ಒಳಗೆ ಮೆತ್ತೆ ಇಡುವುದು ಮೊದಲ ಕೆಲವು ವಾರ ನೋವು ತಗ್ಗಿಸಿ ವ್ಯಾಯಾಮಕ್ಕೆ ಅನುಕೂಲ ಮಾಡಿಕೊಡಬಹುದು. ಅಲ್ಟ್ರಾಸೌಂಡ್‌ನಂಥ ಯಂತ್ರ ಚಿಕಿತ್ಸೆಯನ್ನು ಈ ನೋವಿಗೆ ತಜ್ಞರ ಒಮ್ಮತದ ಸಲಹೆಗಳು ಶಿಫಾರಸು ಮಾಡುವುದಿಲ್ಲ. ಅದಕ್ಕೆಂದು ಹತ್ತು ಸಿಟ್ಟಿಂಗ್ ಹಣ ಕಟ್ಟುವ ಬದಲು ವ್ಯಾಯಾಮ ಕೂತು ಕಲಿಸುವ ಫಿಸಿಯೋಥೆರಪಿಸ್ಟ್ ಒಬ್ಬರನ್ನು ಹುಡುಕುವುದು ಮೇಲು.

ಎಲ್ಲ ಮಂಡಿನೋವೂ ಇದಲ್ಲ ಎಂಬುದು ನೆನಪಿರಲಿ. ಮಂಡಿ ಊದಿದರೆ, ಮಧ್ಯೆ ಸಿಕ್ಕಿಹಾಕಿಕೊಂಡು ಬಿಡಿಸಲು ಬಾರದಿದ್ದರೆ, ತಿರುಚಿಕೊಂಡ ಮೇಲೆ ಶುರುವಾಗಿದ್ದರೆ, ರಾತ್ರಿ ಸುಮ್ಮನೆ ಮಲಗಿದ್ದಾಗಲೂ ನೋಯುತ್ತಿದ್ದರೆ, ಜ್ವರ ಜೊತೆಗಿದ್ದರೆ ಮೊದಲು ಮೂಳೆ ವೈದ್ಯರ ಬಳಿ ಹೋಗಿ. ನೋವು ಚಿಪ್ಪಿನ ಕೆಳತುದಿಯ ಒಂದೇ ಬಿಂದುವಿನಲ್ಲೋ ಮಂಡಿಯ ಹೊರಮಗ್ಗುಲಿನಲ್ಲೋ ಇದ್ದರೆ ಅದು ಬೇರೆಯೇ ತೊಂದರೆ, ಅದರ ಆರೈಕೆಯೂ ಬೇರೆ.

ಈ ನೋವು ಮರುಕಳಿಸುವುದರಲ್ಲಿ ಹೆಸರುವಾಸಿ. ವರ್ಷಗಳ ನಂತರವೂ ಕಾಡಿಸಿಕೊಳ್ಳುವವರು ಕಡಿಮೆಯಿಲ್ಲ, ಬಹುಕಾಲ ಸಹಿಸಿಕೊಂಡು ಆಮೇಲೆ ಆರೈಕೆಗಿಳಿದವರಿಗೆ ಗುಣವಾಗುವುದೂ ನಿಧಾನ. ಆದ್ದರಿಂದ ಮೆಟ್ಟಿಲಿಳಿಯುವಾಗ ಮೊದಲ ಸಲ ಚುರುಕ್ ಎಂದ ವಾರವೇ ಓಟದ ದೂರ ತಗ್ಗಿಸಿ, ಮತ್ತು ನೋವು ಹೋದ ಮೇಲೂ ಬಸ್ಕಿಯನ್ನು ವಾರಕ್ಕೆ ಎರಡು ದಿನ ಉಳಿಸಿಕೊಳ್ಳಿ.