ಬೋರ್ಡು ನೋಡಿ ಊರು ಹೇಳಿ

ಪುಣೆಯ ನಮ್ಮ ಆಫೀಸಿನಲ್ಲಿ ಮಧ್ಯಾಹ್ನದ ಊಟಕ್ಕೆ ಒಟ್ಟಿಗೆ ಕೂರುವವರು ಐದು ಜನ. ಇಬ್ಬರು ಮರಾಠಿಗರು, ಒಬ್ಬರು ಹೈದರಾಬಾದಿನವರು, ಒಬ್ಬರು ಮೈಸೂರಿನವರು, ಐದನೆಯವನು ವಿಜಯಪುರದ ನಾನು. ಎರಡು ವರ್ಷದಿಂದ ನಮ್ಮಲ್ಲೊಂದು ಆಟ ನಡೆದಿದೆ. ಯಾರಾದರೂ ಊರಿಗೆ ಹೋಗಿ ಬಂದರೆ ದಾರಿಯಲ್ಲಿ ಕಂಡ ಒಂದು ಅಂಗಡಿ ಬೋರ್ಡಿನ ಫೋಟೊ ತರಬೇಕು. ಅದರಲ್ಲಿ ಎರಡು ಭಾಷೆ ಇರಬೇಕು. ಊರಿನ ಹೆಸರು, ಫೋನ್ ನಂಬರು, ಜಿಎಸ್‌ಟಿ ಸಂಖ್ಯೆ ಮುಚ್ಚಿರಬೇಕು. ಉಳಿದವರು ಅದು ಯಾವ ಗಡಿಯ ಯಾವ ಭಾಗ ಎಂದು ಹೇಳಬೇಕು.

ಸಂಖ್ಯೆಗಳನ್ನು ಮುಚ್ಚುವುದೇಕೆ ಎಂದರೆ, ಅವು ಉತ್ತರವನ್ನು ನೇರವಾಗಿ ಹೇಳಿಬಿಡುತ್ತವೆ. ಜಿಎಸ್‌ಟಿ ನೋಂದಣಿ ಇರುವ ಅಂಗಡಿಯವರು ಆ ಸಂಖ್ಯೆಯನ್ನು ಬೋರ್ಡಿನ ಮೇಲೆ ಬರೆಸಬೇಕು. ಅದರ ಮೊದಲ ಎರಡು ಅಂಕಿ ರಾಜ್ಯದ ಗುರುತು: 27 ಆದರೆ ಮಹಾರಾಷ್ಟ್ರ, 29 ಆದರೆ ಕರ್ನಾಟಕ. ಹಳೆಯ ಬೋರ್ಡಾದರೆ ಲ್ಯಾಂಡ್‌ಲೈನ್ ನಂಬರು ಸಾಕು. ಎಸ್‌ಟಿಡಿ ಕೋಡ್ 0217 ಎಂದರೆ ಸೊಲ್ಲಾಪುರ, 0831 ಎಂದರೆ ಬೆಳಗಾವಿ. ಇವೆಲ್ಲ ಇಲ್ಲದೆ ಬರೀ ಅಕ್ಷರದಿಂದ ಊರು ಹಿಡಿಯುವುದರಲ್ಲೇ ಆಟದ ಮಜಾ.

ಮೇಲಿನ ಸಾಲು ಸರ್ಕಾರದ್ದು

ಮೊದಲು ನೋಡಬೇಕಾದ್ದು ಮೇಲೆ ಯಾವ ಲಿಪಿ ಇದೆ, ಯಾವುದು ದೊಡ್ಡದಿದೆ ಎಂಬುದನ್ನು. ಮಹಾರಾಷ್ಟ್ರದಲ್ಲಿ 2022ರ ತಿದ್ದುಪಡಿಯ ನಂತರ ಹತ್ತಕ್ಕಿಂತ ಕಡಿಮೆ ಕೆಲಸಗಾರರಿರುವ ಸಣ್ಣ ಅಂಗಡಿಗೂ ದೇವನಾಗರಿಯಲ್ಲಿ ಮರಾಠಿ ಬೋರ್ಡು ಕಡ್ಡಾಯ. ಮರಾಠಿ ಅಕ್ಷರ ಬೇರೆ ಭಾಷೆಯ ಅಕ್ಷರಕ್ಕಿಂತ ಚಿಕ್ಕದಿರಬಾರದು. ಕರ್ನಾಟಕದಲ್ಲಿ 2024ರ ತಿದ್ದುಪಡಿಯ ಪ್ರಕಾರ ಬೋರ್ಡಿನ ಶೇ 60ರಷ್ಟು ಕನ್ನಡ ಇರಬೇಕು, ಅದೂ ಮೇಲಿನ ಅರ್ಧದಲ್ಲಿ. ಹೀಗಾಗಿ ಈಚೆಗೆ ಬರೆಸಿದ ಬೋರ್ಡಿನ ಮೇಲಿನ ಸಾಲು ನೋಡಿದರೆ ಅಂಗಡಿ ಯಾವ ರಾಜ್ಯದಲ್ಲಿದೆ ಎಂಬುದು ಬಹುತೇಕ ಗೊತ್ತಾಗುತ್ತದೆ.

ಆದರೆ ಆ ಸಾಲು ಹೇಳುವುದು ಸರ್ಕಾರ ಯಾವುದೆಂದು ಮಾತ್ರ. ಅಂಗಡಿಗೆ ಬರುವ ಗಿರಾಕಿ ಯಾವ ಭಾಷೆಯವನೆಂದು ತಿಳಿಯಲು ಕೆಳಗಿನ ಸಾಲಿಗೆ ಇಳಿಯಬೇಕು.

ಪುಣೆಯಿಂದ ಕರ್ನಾಟಕಕ್ಕೆ ಹೋಗುವ ಎರಡು ದಾರಿಗಳನ್ನು ಹೋಲಿಸಿದರೆ ಇದು ಸ್ಪಷ್ಟವಾಗುತ್ತದೆ. ಕೊಲ್ಹಾಪುರದ ದಾರಿಯಲ್ಲಿ ಕಾಗಲ್ ದಾಟಿ, ದೂಧಗಂಗಾ ನದಿ ದಾಟಿದರೆ ಕೊಗನೊಳ್ಳಿ. ಅಲ್ಲಿಂದ ಬೋರ್ಡಿನ ಮೇಲೆ ಕನ್ನಡ ಬಂದು ಕೂರುತ್ತದೆ. ಆದರೆ ನಿಪ್ಪಾಣಿಯವರೆಗೂ, ಅದರಾಚೆಗೂ ಕೆಳಗಿನ ಸಾಲಿನಲ್ಲಿ ಮರಾಠಿ ಜೊತೆಗೇ ಬರುತ್ತದೆ. ಸೊಲ್ಲಾಪುರದ ದಾರಿ ಇದಕ್ಕೆ ತದ್ವಿರುದ್ಧ. ಸೊಲ್ಲಾಪುರ ಬಿಟ್ಟು ವಿಜಯಪುರದ ಕಡೆ ಹೊರಟರೆ ಭೀಮಾ ನದಿ ಇನ್ನೂ ದೂರ ಇರುವಾಗಲೇ ಹಳ್ಳಿಗಳಲ್ಲಿ ಕನ್ನಡ ಮಾತು ಕೇಳಿಸುತ್ತದೆ. ಟಾಕಳಿಯ ಸೇತುವೆ ದಾಟಿ ಧೂಳಖೇಡಕ್ಕೆ ಬಂದಾಗ ಬದಲಾಗುವುದು ಬೋರ್ಡಿನ ಮೇಲಿನ ಸಾಲು, ಜನರ ಮಾತಲ್ಲ.

ಅಂದರೆ ಕಾನೂನಿನ ಗೆರೆ ನದಿಯ ಮೇಲೆ ಒಂದೇ ಕಡೆ ಬೀಳುತ್ತದೆ. ಭಾಷೆಯ ಗೆರೆ ಒಂದು ದಾರಿಯಲ್ಲಿ ಕರ್ನಾಟಕದ ಒಳಗಿದೆ, ಇನ್ನೊಂದರಲ್ಲಿ ಮಹಾರಾಷ್ಟ್ರದ ಒಳಗಿದೆ. ನಿಪ್ಪಾಣಿಯನ್ನು ಮಹಾರಾಷ್ಟ್ರಕ್ಕೂ ಅಕ್ಕಲಕೋಟೆಯನ್ನು ಮೈಸೂರು ರಾಜ್ಯಕ್ಕೂ ಕೊಡಬೇಕೆಂದು 1967ರಲ್ಲಿ ಮಹಾಜನ ಆಯೋಗ ಹೇಳಿದ್ದರ ಹಿಂದೆಯೂ ಇದೇ ಸಂಗತಿ ಇತ್ತು. ಆ ವರದಿ ಜಾರಿಯಾಗಲಿಲ್ಲ. ಬೋರ್ಡುಗಳು ಮಾತ್ರ ಇವತ್ತಿಗೂ ಎರಡೂ ಕಥೆ ಹೇಳುತ್ತವೆ.

ಯಾವ ಅಂಗಡಿ?

ಕೆಳಗಿನ ಸಾಲು ಓದುವ ಮುನ್ನ ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ಇದು ಯಾರಿಗಾಗಿ ಇರುವ ಅಂಗಡಿ? ಪಂಢರಪುರದ ಲಾಡ್ಜು, ಖಾನಾವಳಿಗಳ ಮೇಲೆ ಕನ್ನಡ ಕಾಣುತ್ತದೆ. ಅದು ಅಲ್ಲಿನ ನಿವಾಸಿಗಳ ಕನ್ನಡವಲ್ಲ, ವಿಠ್ಠಲನ ದರ್ಶನಕ್ಕೆ ಹೋಗುವ ನಮ್ಮವರಿಗಾಗಿ ಬರೆದದ್ದು. ಹಿಟ್ಟಿನ ಗಿರಣಿ, ಗೊಬ್ಬರದಂಗಡಿ, ಟೇಲರ್, ಕ್ಷೌರದಂಗಡಿಗಳಿಗೆ ಹೊರಗಿನವರು ಬರುವುದು ಕಡಿಮೆ. ಅಂಥ ಅಂಗಡಿಯ ಮೇಲೆ ಎರಡನೇ ಭಾಷೆ ಇದ್ದರೆ ಅದು ಆ ಊರಿನದೇ ಭಾಷೆ.

ಸೊಲ್ಲಾಪುರ ನಗರ ಇನ್ನೊಂದು ರೀತಿಯಲ್ಲಿ ದಾರಿ ತಪ್ಪಿಸುತ್ತದೆ. ಅಲ್ಲಿ ಪದ್ಮಶಾಲಿ ನೇಕಾರರು ಬಹಳ ಇದ್ದಾರೆ, ಅವರ ಮನೆಮಾತು ತೆಲುಗು. ಒಮ್ಮೆ ಮರಾಠಿ ಗೆಳೆಯನೊಬ್ಬ ಅಲ್ಲಿನ ಬೋರ್ಡು ತಂದು ‘ಕನ್ನಡ’ ಎಂದು ಮುಂದಿಟ್ಟ. ನಮ್ಮ ಹೈದರಾಬಾದಿನವರು ನಕ್ಕುಬಿಟ್ಟರು. ತಲೆಕಟ್ಟು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಕನ್ನಡದ ತಲೆಕಟ್ಟು ಅಡ್ಡಗೆರೆಯಂತೆ ಹೋಗಿ ಬಲತುದಿಯಲ್ಲಿ ಬಾಗುತ್ತದೆ. ತೆಲುಗಿನದು ಮೇಷ್ಟ್ರು ಹಾಕುವ ಸರಿ ಗುರುತಿನ ಹಾಗೆ ಮೇಲಕ್ಕೆ ಹಾರುತ್ತದೆ.

ಯಾವುದರ ನಕಲು?

ಇನ್ನು ನನಗೆ ಬಹಳ ಇಷ್ಟವಾದ ಭಾಗ. ಎರಡು ಸಾಲಿನಲ್ಲಿ ಯಾವುದನ್ನು ಮೊದಲು ಬರೆದು ಯಾವುದನ್ನು ಅದರಿಂದ ಇಳಿಸಿಕೊಂಡರು ಎಂಬುದನ್ನು ಅಕ್ಷರಗಳೇ ತೋರಿಸಿಕೊಡುತ್ತವೆ.

ಮರಾಠಿ ಓದುವಾಗ ಪದದ ಕೊನೆಯ ‘ಅ’ ಸಾಮಾನ್ಯವಾಗಿ ಬಿದ್ದುಹೋಗುತ್ತದೆ. ಆದ್ದರಿಂದ ನಮ್ಮ ‘ಈರಣ್ಣ’ನನ್ನು ದೇವನಾಗರಿಯಲ್ಲಿ ಬರೆಯುವವರು ಕೊನೆಗೆ ದೀರ್ಘ ಕೊಟ್ಟು ‘ಈರಣ್ಣಾ’ ಎನ್ನುತ್ತಾರೆ. ದೇವನಾಗರಿಯ ರೂಢಿಯ ಬರವಣಿಗೆಯಲ್ಲಿ ಹ್ರಸ್ವ ಎ, ಒ ಇಲ್ಲ. ‘ಹೊಸಮನಿ’ ಅಲ್ಲಿ ‘ಹೋಸಮನಿ’ ಆಗುತ್ತದೆ. ಇದು ಮರಾಠಿ ಸಾಲಿನಲ್ಲಿ ಸಹಜ. ಆದರೆ ಕನ್ನಡ ಲಿಪಿಯ ಸಾಲಿನಲ್ಲೇ ‘ಈರಣ್ಣಾ ಹೋಸಮನಿ’ ಎಂದಿದ್ದರೆ, ಬರೆದವನು ಮರಾಠಿ ಚೀಟಿ ಮುಂದಿಟ್ಟುಕೊಂಡು ಅಕ್ಷರಕ್ಕೆ ಅಕ್ಷರ ಇಳಿಸಿದ್ದಾನೆ ಎಂದು ತಿಳಿಯಬೇಕು. ಪೇಂಟರ್ ಅಥವಾ ಫ್ಲೆಕ್ಸ್ ಮಾಡುವವನ ಕೆಲಸ ಮರಾಠಿಯಲ್ಲಿ ನಡೆಯುತ್ತದೆ, ಗಿರಾಕಿ ಮಾತ್ರ ಕನ್ನಡದವನು.

ಗಡಿಯ ಈಚೆ ಬಂದರೆ ಬೇರೆ ಗುರುತುಗಳಿವೆ. ನಮ್ಮ ಕಡೆ ‘ಪಾಟೀಲ್’ ಎಂದು ಅರ್ಧ ಅಕ್ಷರದಲ್ಲಿ ನಿಲ್ಲಿಸುವುದಿಲ್ಲ, ‘ಪಾಟೀಲ’ ಎನ್ನುತ್ತೇವೆ. ‘ಮೆಡಿಕಲ ಸ್ಟೋರ್ಸ’ ಎಂದು ಬರೆಯುವವರೂ ಉಂಟು. ಇಂಗ್ಲಿಷಿನ ವಿ ಅಕ್ಷರ ಮರಾಠಿಯಂತೆ ‘ವ್ಹಿ’ ಆಗುತ್ತದೆ. ಮೈಸೂರಿನ ಗೆಳೆಯರಿಗೆ ‘ಎಸ್. ವ್ಹಿ. ಪಾಟೀಲ’ ಎಂಬ ಹೆಸರು ಕಂಡ ತಕ್ಷಣ ‘ಇದು ನಿಮ್ಮ ಕಡೆಯದು’ ಎಂದು ಗೊತ್ತಾಗುತ್ತದೆ. ಇದು ಗಡಿಯ ಊರು ಅನ್ನುವುದಕ್ಕೆ ಸಾಕಾಗುವುದಿಲ್ಲ. ಧಾರವಾಡದವರೆಗೂ ಹೀಗೆ ಬರೆಯುತ್ತಾರೆ. ಆದರೆ ಕನ್ನಡ ಲಿಪಿಯಲ್ಲಿ ‘ಕಿರಾಣಾ ವ ಭುಸಾರ’ ಎಂದು, ಮತ್ತು ಎನ್ನುವುದಕ್ಕೆ ಮರಾಠಿಯ ‘ವ’ ಕಂಡರೆ ಗಡಿ ಹತ್ತಿರವೇ ಇದೆ. ಲಿಪಿ ಕಾನೂನಿಗೆ ತಕ್ಕಂತೆ ಕನ್ನಡವಾಗಿದೆ, ಮಾತು ಮರಾಠಿಯಾಗಿಯೇ ಉಳಿದಿದೆ.

ಒಂದು ಫೋಟೊ, ನಾಲ್ಕು ಹೆಜ್ಜೆ

ಕಳೆದ ದೀಪಾವಳಿಗೆ ನಾನು ತಂದ ಫೋಟೊ ಇದು. ಮಾಲೀಕರ ಹೆಸರು ಬದಲಿಸಿ ಹೇಳುತ್ತೇನೆ. ತಲೆಯ ಮೇಲೆ ಸಣ್ಣದಾಗಿ ದೇವನಾಗರಿಯಲ್ಲಿ ‘ಶ್ರೀ ದಾನಮ್ಮದೇವಿ ಪ್ರಸನ್ನ’. ಅದರ ಕೆಳಗೆ ದೇವನಾಗರಿಯಲ್ಲೇ ದೊಡ್ಡದಾಗಿ ‘ಕೃಷಿ ಸೇವಾ ಕೇಂದ್ರ’. ಅದರಡಿ ಕನ್ನಡದಲ್ಲಿ ‘ರಸಗೊಬ್ಬರ, ಬೀಜ, ಔಷಧ ಸಿಗುತ್ತವೆ’. ಕೊನೆಗೆ ಕನ್ನಡದಲ್ಲೇ ‘ಪ್ರೊ. ಪ್ರಾ. ಈರಣ್ಣಾ ಹೋಸಮನಿ’. ಪಕ್ಕದಲ್ಲಿ ದ್ರಾಕ್ಷಿ ಗೊಂಚಲು, ದಾಳಿಂಬೆಯ ಚಿತ್ರ.

ದೊಡ್ಡ ಅಕ್ಷರ ದೇವನಾಗರಿ, ಆದ್ದರಿಂದ ಮಹಾರಾಷ್ಟ್ರ. ಗೊಬ್ಬರದಂಗಡಿ, ಆದ್ದರಿಂದ ಕನ್ನಡ ಊರಿನವರದೇ. ಅದೂ ಬರೀ ಅಂಗಡಿಯ ಹೆಸರಲ್ಲ, ಒಳಗೆ ಏನು ಸಿಗುತ್ತದೆ ಎಂಬುದನ್ನು ಕನ್ನಡದಲ್ಲಿ ಹೇಳಿದ್ದಾರೆ. ಓದುವವರು ಇದ್ದಾರೆಂದೇ ಬರೆಸಿದ್ದು. ‘ಪ್ರೊ. ಪ್ರಾ.’ ಮಹಾರಾಷ್ಟ್ರದ ಬೋರ್ಡುಗಳ ರೂಢಿ, ಹೆಸರಿನ ದೀರ್ಘಗಳು ಮರಾಠಿಯಿಂದ ಇಳಿದವು. ಇಷ್ಟಕ್ಕೆ ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಮೂರೂ ಹೊಂದುತ್ತವೆ. ಉಳಿದದ್ದನ್ನು ದೇವರು ಮತ್ತು ಬೆಳೆ ಹೇಳಬೇಕು. ದಾನಮ್ಮನ ಗುಡ್ಡಾಪುರ ಇರುವುದು ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕಿನಲ್ಲಿ. ಭಕ್ತರು ವಿಜಯಪುರದ ತುಂಬ ಇದ್ದಾರೆ, ಆದರೆ ಮೇಲಿನ ಸಾಲು ವಿಜಯಪುರವನ್ನು ಆಗಲೇ ಬಿಡಿಸಿದೆ. ದ್ರಾಕ್ಷಿ, ದಾಳಿಂಬೆಯೂ ಜತ್ತದ ಕಡೆಗೇ ಕೈ ತೋರಿಸುತ್ತವೆ. ಸಾತಾರೆಯ ಗೆಳೆಯ ‘ಜತ್ತದ ಪೂರ್ವಭಾಗ’ ಎಂದ. ಸರಿ ಉತ್ತರ ಉಮದಿ, ಜತ್ತದ ಪೂರ್ವಕ್ಕಿರುವ ಊರು.

ಈ ಲೆಕ್ಕ ಕೆಲಸ ಮಾಡದ ಬೋರ್ಡುಗಳೂ ಇವೆ. ಸಿಮೆಂಟು, ಬಣ್ಣ, ಮೊಬೈಲ್ ಕಂಪನಿಗಳು ಪುಕ್ಕಟೆ ಕೊಡುವ ಬೋರ್ಡು ಜಿಲ್ಲೆಯುದ್ದಕ್ಕೂ ಒಂದೇ ಅಚ್ಚಿನದು. ಅದರಲ್ಲಿ ಅಂಗಡಿಯವನ ಕೈಯೇ ಇರುವುದಿಲ್ಲ.

ಫೋಟೊ ತೆಗೆದ ದಿನ ಅಂಗಡಿಯವರನ್ನು ಮಾತಾಡಿಸಿದ್ದೆ. ‘ಕನ್ನಡ ಯಾಕ್ ಬರಸೀರಿ ಕಾಕಾ?’ ಎಂದೆ. ‘ಹಿರ್‍ಯಾರು ಕನ್ನಡ ಸಾಲ್ಯಾಗ ಕಲತಾವ್ರು, ಅವರಿಗೆ ಮರಾಠಿ ಓದಾಕ ಬರೂದಿಲ್ರಿ. ಹುಡುಗರಿಗೆ ಮರಾಠಿ ಬರ್ತೈತಿ’ ಎಂದರು. ಬೋರ್ಡು ಹಳತಾಗಿತ್ತು, ಹೊಸ ಫ್ಲೆಕ್ಸ್ ಮಾಡಿಸುವವರಿದ್ದರು. ಫ್ಲೆಕ್ಸಿಗೆ ಚದರಡಿ ಲೆಕ್ಕದಲ್ಲಿ ದುಡ್ಡು. ಮರಾಠಿ ದೊಡ್ಡದಾಗಬೇಕೆಂದರೆ ಒಂದೋ ಬೋರ್ಡು ದೊಡ್ಡದಾಗಬೇಕು, ಇಲ್ಲವೇ ಒಂದು ಸಾಲು ಹೋಗಬೇಕು. ‘ಹೆಸರಿನ ಸಾಲ ತಗದ್ರೂ ನಡೀತೈತ್ರಿ, ಗೊಬ್ಬರ-ಬೀಜದ ಸಾಲ ಇರ್ಲಿ ಅಂತ ಹೇಳೀನಿ’ ಎಂದರು ಕಾಕಾ.

ಗಡಿಯ ಎರಡೂ ಕಡೆ ಈಗ ಇದೇ ಲೆಕ್ಕ ನಡೆದಿದೆ. ನಿಪ್ಪಾಣಿಯಲ್ಲಿ ಶೇ 60 ಕನ್ನಡಕ್ಕೆ ಹೋದ ಮೇಲೆ ಉಳಿದ ಜಾಗವನ್ನು ಇಂಗ್ಲಿಷ್ ಮತ್ತು ಮರಾಠಿ ಹಂಚಿಕೊಳ್ಳಬೇಕು. ಗಲಾಟೆಯ ದಿನಗಳಲ್ಲಿ ಮಸಿ ಬಳಿದ ಬೋರ್ಡು ಪೇಪರಿನಲ್ಲಿ ಬರುತ್ತದೆ. ಚದರಡಿ ಲೆಕ್ಕದಲ್ಲಿ ಸದ್ದಿಲ್ಲದೆ ಬಿದ್ದುಹೋಗುವ ಸಾಲು ಯಾರ ಕಣ್ಣಿಗೂ ಬೀಳುವುದಿಲ್ಲ. ಮುಂದಿನ ಸಲ ಟಾಕಳಿ ಅಥವಾ ಕೊಗನೊಳ್ಳಿ ದಾಟುವಾಗ ಹಿಟ್ಟಿನ ಗಿರಣಿಯದೋ ಗೊಬ್ಬರದಂಗಡಿಯದೋ ಬೋರ್ಡು ಸಿಕ್ಕರೆ ಮೂರನೇ ಸಾಲಿನವರೆಗೆ ಓದಿ ನೋಡಿ.